17ನೇ ಎಲೆಕ್ಟ್ರಾನ್ ಎಲ್ಲಿ ಕೂರುತ್ತದೆ?

"CO2 ನೇರ, NO2 ಬಾಗಿದೆ. ಜಾಸ್ತಿ ಇರೋದು ಒಂದೇ ಎಲೆಕ್ಟ್ರಾನ್. ಅಷ್ಟಕ್ಕೇ ಆಕಾರ ಬದಲಾಗುತ್ತಾ?"

ಹೌದು, ಬದಲಾಗುತ್ತದೆ. ಹೊರಗಿನ ಎಲೆಕ್ಟ್ರಾನ್ ಮಾತ್ರ ಎಣಿಸಿ. CO2 ಅಲ್ಲಿ 4, 6, 6 ಸೇರಿ 16. ಇವುಗಳಲ್ಲಿ ಮೇಲ್ಮಟ್ಟದಲ್ಲಿ ಕೂತವು ಎರಡು ಆಕ್ಸಿಜನ್‌ಗಳ p ಆರ್ಬಿಟಲ್‌ಗಳ ಮೇಲಿವೆ, ಮತ್ತು ಆ ಎರಡರ ಚಿಹ್ನೆ ಪರಸ್ಪರ ವಿರುದ್ಧ. ಅಣು ಬಾಗಿದರೆ ಆಕ್ಸಿಜನ್‌ಗಳು ಹತ್ತಿರ ಬರುತ್ತವೆ, ಶಕ್ತಿ ಏರುತ್ತದೆ. ಹಾಗಾಗಿ 16ರವರೆಗೆ ನೇರವಾಗಿರುವುದೇ ಲಾಭ.

NO2 ಅಲ್ಲಿ 5, 6, 6 ಸೇರಿ 17. ಆ 17ನೆಯದು ಅದರ ಮೇಲಿನ ಖಾಲಿ ಜಾಗಕ್ಕೆ ಹೋಗಬೇಕು. ಇಲ್ಲೇ ಇರೋದು ವಿಷಯ. ಅಣು ನೇರವಾಗಿದ್ದಾಗ ಆ ಆರ್ಬಿಟಲ್ ತುಂಬಾ ಎತ್ತರದಲ್ಲಿದೆ, ಯಾಕಂದ್ರೆ ನೈಟ್ರೋಜನ್‌ನ p ಎರಡೂ ಆಕ್ಸಿಜನ್‌ಗಳಿಗೆ ವಿರುದ್ಧ ಚಿಹ್ನೆಯಲ್ಲಿ ನಿಂತಿದೆ. ನೈಟ್ರೋಜನ್‌ನ s ಬಂದು ಸೇರಿಕೊಂಡರೆ ಶಕ್ತಿ ಇಳಿಯುತ್ತಿತ್ತು, ಆದರೆ ನೇರ ಅಣುವಿನಲ್ಲಿ ಸಮ್ಮಿತಿ ಅದಕ್ಕೆ ಬಿಡುವುದಿಲ್ಲ. ಸ್ವಲ್ಪ ಬಾಗಿದ ಕೂಡಲೇ ಆ ತಡೆ ಹೋಗುತ್ತದೆ, s ಬೆರೆಯುತ್ತದೆ, ಜೊತೆಗೆ ಒಂದೇ ಚಿಹ್ನೆಯ ಎರಡು ಆಕ್ಸಿಜನ್ ತುದಿಗಳೂ ಹತ್ತಿರವಾಗುತ್ತವೆ, ಹೀಗಾಗಿ ಆ ಮಟ್ಟ ಕಡಿದಾಗಿ ಕೆಳಗಿಳಿಯುತ್ತದೆ. ಕೋನದ ಜೊತೆ ಪ್ರತಿ ಮಟ್ಟ ಹೇಗೆ ಏರಿಳಿಯುತ್ತದೆ ಅಂತ ಗೆರೆ ಎಳೆದು 1953ರಲ್ಲಿ ಇದನ್ನು ವಿವರವಾಗಿ ತೋರಿಸಿದವರು ರಸಾಯನಶಾಸ್ತ್ರಜ್ಞ ವಾಲ್ಶ್.

ಪರೀಕ್ಷೆ ಸುಲಭ. ಅದೇ ಮೂರು ಪರಮಾಣು ಇಟ್ಟುಕೊಂಡು ಎಲೆಕ್ಟ್ರಾನ್ ಮಾತ್ರ ಬದಲಿಸಿ:

```
NO2+   16   180°
NO2    17   134°
NO2-   18   115°
```

ಆ ಇಳಿಯುವ ಜಾಗದಲ್ಲಿ ಯಾರೂ ಇಲ್ಲ, ಒಬ್ಬರು, ಇಬ್ಬರು. ಕೋನವೂ ಅದರಂತೆಯೇ ಇಳಿದಿದೆ ನೋಡಿ.

"ಲೋನ್ ಪೇರ್ ತಳ್ಳುತ್ತೆ, ಅಷ್ಟೇ" ಅಂತ ಕೆಲವರು ಹೇಳುತ್ತಾರೆ, ಆ ಮಾತು ಅರ್ಧ ಸರಿ. ಬಾಗಿದ ಮೇಲೆ ಆ ಎಲೆಕ್ಟ್ರಾನ್ ಹೆಚ್ಚಾಗಿ ನೈಟ್ರೋಜನ್ ಮೇಲೇ ಇರುತ್ತದೆ, ಅದಕ್ಕೇ ಎರಡು NO2 ನೈಟ್ರೋಜನ್ ಕಡೆಯಿಂದ ಕೈ ಹಿಡಿದು N2O4 ಆಗೋದು. NO2 ತುಂಬಿ ಸೀಲ್ ಮಾಡಿದ ಗಾಜಿನ ಆಂಪ್ಯೂಲನ್ನು ಲ್ಯಾಬ್‌ನಲ್ಲಿ ಐಸ್ ನೀರಿಗೆ ಇಳಿಸಿದಾಗ ಕಂದು ಬಣ್ಣ ತೆಳುವಾಗುವುದು ಇದರಿಂದಲೇ. (ಮನೆಯಲ್ಲಿ ಈ ಗ್ಯಾಸ್ ಮಾಡಲು ಹೋಗಬೇಡಿ, ಶ್ವಾಸಕೋಶಕ್ಕೆ ವಿಷ.) ಆದರೆ ತಳ್ಳಾಟದ ಲೆಕ್ಕ CO2 ಬೆಳಕು ಹೀರಿ ಒಂದು ಎಲೆಕ್ಟ್ರಾನ್ ಮೇಲಕ್ಕೆ ಹಾರಿದಾಗ ಏನಾಗುತ್ತದೆ ಅಂತ ಹೇಳಲ್ಲ. ವಾಲ್ಶ್ ಎಳೆದ ಗೆರೆಗಳು ಹೇಳುತ್ತವೆ: ಅದೇ ಇಳಿಯುವ ಜಾಗ ತುಂಬುತ್ತದೆ, CO2 ಕೂಡ ಬಾಗುತ್ತದೆ.

ಓಝೋನ್ ಆಕಾರವೂ ಇದೇ ಲೆಕ್ಕಕ್ಕೆ ಸಿಗುತ್ತದೆ: 18 ಎಲೆಕ್ಟ್ರಾನ್, ಸುಮಾರು 117°.

ಕೆಲವು ಕಡೆ ಈ ಎಣಿಕೆ ಕೈಕೊಡುತ್ತದೆ. ಅನಿಲ ರೂಪದ BaF2ಗೂ 16 ಎಲೆಕ್ಟ್ರಾನ್, ಆದರೂ ಅದು ಬಾಗಿದೆ. ಬೇರಿಯಂನ d ಆರ್ಬಿಟಲ್ ಕಾರಣ ಅಂತ ಕೆಲವರು, ಒಳಗಿನ ಎಲೆಕ್ಟ್ರಾನ್ ಮೋಡ ಸೊಟ್ಟಗಾಗುವುದು ಕಾರಣ ಅಂತ ಇನ್ನು ಕೆಲವರು. ನನಗೆ ಮೊದಲನೆಯದೇ ಹೆಚ್ಚು ಸರಿ ಅನ್ನಿಸುತ್ತದೆ, ಎರಡನೆಯದನ್ನು ಒಪ್ಪುವವರು ಇಲ್ಲಿದ್ದರೆ ಬರೆಯಿರಿ.