ಲಾಗಿನ್ ಪುಟ ಬಿಡದ ಆ್ಯಪ್: ತೆಗೆದು ಮತ್ತೆ ಹಾಕಿದರೆ ಏನು ಉಳಿಯುತ್ತದೆ?

ಪ್ರಶ್ನೆ: ಆಡಿಯೋ ಆ್ಯಪ್‌ನಲ್ಲಿ ಒಟಿಪಿ ಹಾಕಿದರೂ ಮತ್ತೆ ಲಾಗಿನ್ ಪುಟವೇ ಬರುತ್ತದೆ. ಕೆಲವೊಮ್ಮೆ ಸುತ್ತುತ್ತಲೇ ಇರುತ್ತದೆ, ಒಮ್ಮೊಮ್ಮೆ ತಾನಾಗಿ ಮುಚ್ಚಿಕೊಳ್ಳುತ್ತದೆ. ತೆಗೆದು ಮತ್ತೆ ಹಾಕಿದರೆ ಡೌನ್‌ಲೋಡ್ ಮಾಡಿಟ್ಟ ಯಕ್ಷಗಾನ ಪ್ರಸಂಗಗಳು, ಸೆಟ್ಟಿಂಗ್‌ಗಳು ಹೋಗುತ್ತವೆಯೇ? ಫೋನ್ ಆಂಡ್ರಾಯ್ಡ್.

ಡೌನ್‌ಲೋಡ್‌ಗಳು ಬಹುತೇಕ ಖಂಡಿತವಾಗಿ ಹೋಗುತ್ತವೆ. ಸೆಟ್ಟಿಂಗ್‌ಗಳಲ್ಲಿ ಕೆಲವು ಮರಳಿ ಬರಬಹುದು. ಆದ್ದರಿಂದ ಆ್ಯಪ್ ತೆಗೆಯುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಶಿರಸಿಯ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಇದೇ ದೂರಿನೊಂದಿಗೆ ಬರುವ ಫೋನ್‌ಗಳಲ್ಲಿ ಹಲವಕ್ಕೆ ಆ ಕೆಲಸದ ಅಗತ್ಯವೇ ಬೀಳುವುದಿಲ್ಲ.

ಮೊದಲು ಅದೇ ಸೇವೆಯ ಜಾಲತಾಣವನ್ನು ಕ್ರೋಮ್‌ನಲ್ಲಿ ತೆರೆದು, ಅದೇ ನಂಬರಿನಿಂದ ಲಾಗಿನ್ ಮಾಡಿ ನೋಡಿ. ಅಲ್ಲಿಯೂ ಆಗದಿದ್ದರೆ ತೊಂದರೆ ನಿಮ್ಮ ಖಾತೆಯಲ್ಲೋ, ಅವರ ಸರ್ವರ್‌ನಲ್ಲೋ, ನೆಟ್‌ವರ್ಕ್‌ನಲ್ಲೋ ಇದೆ. ಆ್ಯಪ್ ತೆಗೆದು ಪ್ರಯೋಜನವಿಲ್ಲ. ಅಲ್ಲಿ ಆಗಿ, ಆ್ಯಪ್‌ನಲ್ಲಿ ಮಾತ್ರ ಆಗದಿದ್ದರೆ ಫೋನಿನ ದಿನಾಂಕ, ಸಮಯ ಸರಿ ಇವೆಯೇ ಎಂದು ನೋಡಿ. ನೀವು ಲಾಗಿನ್ ಆಗಿದ್ದೀರಿ ಎಂಬುದಕ್ಕೆ ಸರ್ವರ್ ಕೊಡುವ ಚೀಟಿಯಂಥ ಟೋಕನ್‌ಗೆ ಅವಧಿ ಇರುತ್ತದೆ. ಫೋನಿನ ಗಡಿಯಾರ ಮುಂದೆ ಓಡಿದ್ದರೆ ಆಗಷ್ಟೇ ಬಂದ ಟೋಕನ್ ಕೂಡ ಅವಧಿ ಮುಗಿದದ್ದೆಂದು ಆ್ಯಪ್‌ಗೆ ಕಾಣಬಹುದು, ಆಗ ಅದು ನಿಮ್ಮನ್ನು ಮತ್ತೆ ಲಾಗಿನ್ ಪುಟಕ್ಕೇ ಕಳಿಸುತ್ತದೆ.

ಸಮಯವೂ ಸರಿ ಇದ್ದರೆ ಪ್ಲೇ ಸ್ಟೋರ್‌ನಲ್ಲಿ Android System WebView ಎಂದು ಹುಡುಕಿ, ಅದನ್ನೂ ಕ್ರೋಮ್ ಅನ್ನೂ ಅಪ್‌ಡೇಟ್ ಮಾಡಿ. ಅನೇಕ ಆ್ಯಪ್‌ಗಳು ಲಾಗಿನ್ ಪುಟವನ್ನು ಈ ವೆಬ್‌ವ್ಯೂ ಮೂಲಕವೇ ತೋರಿಸುತ್ತವೆ. 2021ರ ಮಾರ್ಚ್‌ನಲ್ಲಿ ಇದರದೇ ಒಂದು ದೋಷದಿಂದ ಅನೇಕ ದೇಶಗಳಲ್ಲಿ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಂಡಿದ್ದವು. ಗೂಗಲ್ ಇವೆರಡಕ್ಕೂ ಹೊಸ ಆವೃತ್ತಿ ಕೊಟ್ಟ ಮೇಲೆ ಸರಿಹೋಯಿತು. ಹುಲೇಕಲ್ ಕಡೆಯಿಂದ ಒಬ್ಬರು ತಂದ ಫೋನ್‌ನಲ್ಲಿ ಅಪ್‌ಡೇಟ್‌ಗಳನ್ನು ವೈ-ಫೈ ಇದ್ದಾಗ ಮಾತ್ರ ಎಂದು ಇಡಲಾಗಿತ್ತು. ಮನೆಯಲ್ಲಿ ವೈ-ಫೈ ಇಲ್ಲದ್ದರಿಂದ ವೆಬ್‌ವ್ಯೂ ಬಹಳ ಹಳೆಯದಾಗಿಯೇ ಉಳಿದಿತ್ತು. ಒಟಿಪಿ ಹಾಕಿದ ಮೇಲೆ ಬಿಳಿ ಪರದೆಯಲ್ಲಿ ಚಕ್ರ ಸುತ್ತುತ್ತಿದ್ದ ಆ ಆ್ಯಪ್, ಅಂಗಡಿಯ ವೈ-ಫೈನಲ್ಲಿ ವೆಬ್‌ವ್ಯೂ ಅಪ್‌ಡೇಟ್ ಮಾಡಿದ ಕೂಡಲೇ ಒಳಗೆ ಹೋಯಿತು. ಅವರ ಡೌನ್‌ಲೋಡ್‌ಗಳು ಇದ್ದ ಹಾಗೆಯೇ ಇದ್ದವು.

ಇದಕ್ಕೂ ಬಗ್ಗದಿದ್ದರೆ ಆ್ಯಪ್‌ನ ಮಾಹಿತಿ ಪುಟಕ್ಕೆ ಹೋಗಿ Clear cache ಒತ್ತಿ. ಇದು ತಾತ್ಕಾಲಿಕ ಕಡತಗಳನ್ನು ಮಾತ್ರ ಅಳಿಸುತ್ತದೆ. ಪಕ್ಕದಲ್ಲೇ ಇರುವ Clear storage ಅಥವಾ Clear data ಮಾತ್ರ ಬೇರೆಯೇ ಸಂಗತಿ: ಲಾಗಿನ್, ಸೆಟ್ಟಿಂಗ್, ಆ್ಯಪ್‌ನ ಒಳಗಿನ ಡೌನ್‌ಲೋಡ್ ಎಲ್ಲವೂ ಅದರಿಂದ ಹೋಗುತ್ತವೆ. ಅವಸರದಲ್ಲಿ ಬೆರಳು ಅಲ್ಲಿಗೆ ಹೋಗದಿರಲಿ.

ಆ್ಯಪ್ ತೆಗೆದಾಗ ಅದರ ಖಾಸಗಿ ಜಾಗ, ಮತ್ತು Android/data ಒಳಗೆ ಅದರ ಹೆಸರಿನಲ್ಲಿರುವ ಫೋಲ್ಡರ್, ಮೆಮೊರಿ ಕಾರ್ಡ್‌ನಲ್ಲಿದ್ದರೂ ಸಹ, ಅಳಿಸಿ ಹೋಗುತ್ತವೆ. ಆಡಿಯೋ ಆ್ಯಪ್‌ಗಳ ಡೌನ್‌ಲೋಡ್‌ಗಳು ಸಾಮಾನ್ಯವಾಗಿ ಇರುವುದು ಇಲ್ಲಿಯೇ. ಅವುಗಳನ್ನು ಕಾಪಿ ಮಾಡಿಟ್ಟರೂ ಚಂದಾ ಸೇವೆಗಳ ಕಡತಗಳು ಬೀಗ ಹಾಕಿದಂತಿರುವುದರಿಂದ ಬೇರೆ ಪ್ಲೇಯರ್‌ನಲ್ಲಿ ಹಾಡುವುದಿಲ್ಲ. Download ಅಥವಾ Music ಫೋಲ್ಡರ್‌ನಲ್ಲಿ ಕಾಣುವ ಎಂಪಿ3 ಕಡತಗಳು ಮಾತ್ರ ಉಳಿಯುತ್ತವೆ. ಮೆಚ್ಚಿನ ಪಟ್ಟಿಯಂಥವು ಸರ್ವರ್‌ನಲ್ಲಿ ಇದ್ದರೆ ಲಾಗಿನ್ ಆದ ಮೇಲೆ ತಾವೇ ಬರುತ್ತವೆ.

ಇಲ್ಲಿ ಹಲವರಿಗೆ ತಿಳಿಯದ ಒಂದು ಸೂಕ್ಷ್ಮವಿದೆ. ಫೋನಿನಲ್ಲಿ ಬ್ಯಾಕಪ್ ಆನ್ ಇದ್ದು, ಆ್ಯಪ್ ತಯಾರಿಸಿದವರು ಅದಕ್ಕೆ ಅವಕಾಶ ಕೊಟ್ಟಿದ್ದರೆ, ಆಂಡ್ರಾಯ್ಡ್ ಪ್ರತಿ ಆ್ಯಪ್‌ನ 25 ಎಂಬಿವರೆಗಿನ ಮಾಹಿತಿಯನ್ನು ನಿಮ್ಮ ಗೂಗಲ್ ಖಾತೆಯಲ್ಲಿ ಇಟ್ಟುಕೊಂಡು, ಆ್ಯಪ್ ಮತ್ತೆ ಹಾಕಿದಾಗ ಮರಳಿಸುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ ಪ್ರಸಂಗಗಳು ಹಿಡಿಯುವ ಮಾತೇ ಇಲ್ಲ, ಆದರೆ ಕೆಟ್ಟುಹೋದ ಸೆಟ್ಟಿಂಗ್ ಕಡತ ಧಾರಾಳವಾಗಿ ಹಿಡಿಯುತ್ತದೆ. ಗುಪ್ತ ರೂಪದಲ್ಲಿಟ್ಟ ಲಾಗಿನ್ ಮಾಹಿತಿ ಹೀಗೆ ಮರಳಿ ಬಂದು, ಅದನ್ನು ಬಿಡಿಸುವ ಕೀ ಹಳೆಯ ಆ್ಯಪ್‌ನೊಂದಿಗೇ ಅಳಿದಿದ್ದರೆ, ಹೊಸದಾಗಿ ಹಾಕಿದ ಆ್ಯಪ್ ಕೂಡ ತೆರೆಯುತ್ತಲೇ ಮುಚ್ಚಿಕೊಳ್ಳಬಹುದು. ಹಾಗಾದರೆ ಮತ್ತೆ ತೆಗೆದು ಹಾಕುತ್ತ ಕೂರಬೇಡಿ; ಆಗ ಮಾತ್ರ Clear storage ಒತ್ತಿ, ನಂತರ ಆ್ಯಪ್ ತೆರೆಯಿರಿ. ಕಳೆದುಕೊಳ್ಳಲು ಆ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ.

ಒಳಗೆ ಹೋದ ಮೇಲೆ ಡೌನ್‌ಲೋಡ್ ಶುರು ಮಾಡುವ ಮೊದಲು ಗುಣಮಟ್ಟ, ಉಳಿಸುವ ಜಾಗ ಮತ್ತು ವೈ-ಫೈ ನಿಯಮ, ಈ ಮೂರನ್ನು ನೋಡಿಕೊಳ್ಳಿ, ಏಕೆಂದರೆ ಇವು ಮೊದಲಿನ ಸ್ಥಿತಿಗೆ ಮರಳಿರುವ ಸಾಧ್ಯತೆ ಹೆಚ್ಚು. ವೈ-ಫೈ ಮಾತ್ರ ಎಂದಿದ್ದರೆ ಮೊಬೈಲ್ ಡೇಟಾದಲ್ಲಿ ಡೌನ್‌ಲೋಡ್ ಸುಮ್ಮನೆ ಕಾಯುತ್ತ ನಿಲ್ಲುತ್ತದೆ. ಬೆಳತನಕ ನಡೆಯುವ ಎಂಟು ತಾಸಿನ ಪ್ರಸಂಗಕ್ಕೆ 128 ಕೆಬಿಪಿಎಸ್ ಗುಣಮಟ್ಟದಲ್ಲಿ ಸುಮಾರು 460 ಎಂಬಿ ಬೇಕು, 64ರಲ್ಲಿ ಅದರ ಅರ್ಧ ಸಾಕು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುವವರು 64 ಆರಿಸಿಕೊಳ್ಳುವುದೇ ಲೇಸು. ಮಾತು, ಹಾಡುಗಾರಿಕೆ ಅದರಲ್ಲೂ ಕೇಳುವಷ್ಟು ಚೆನ್ನಾಗಿರುತ್ತವೆ, ಚೆಂಡೆಯ ನಾದ ಮಾತ್ರ ತುಸು ಮಂದವಾದೀತು.