ಮೆನು ಕಾರ್ಡಿನಲ್ಲಿ ಬೆಲೆ ಎಲ್ಲಿರಬೇಕು?

ಪ್ರಶ್ನೆ: ನಮ್ಮ ಹೋಟೆಲಿನ ಮೆನು ಓದಲು ಸುಲಭವಾಗಿದೆಯೇ ಅಂತ ತಿಳಿಯುವುದು ಹೇಗೆ? ಬೆಲೆಯೆಲ್ಲ ಬಲತುದಿಯಲ್ಲಿದೆ.

ಉತ್ತರ: ಕಾರ್ಡನ್ನು ಮೊದಲ ಸಲ ನೋಡುವವರ ಕೈಗೆ ಕೊಟ್ಟು ‘ಈರುಳ್ಳಿ ದೋಸೆ ಎಷ್ಟು?’ ಎಂದು ಕೇಳಿ, ಅವರ ಬೆರಳನ್ನೇ ಗಮನಿಸಿ. ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಲಕ್ಕೆ ಎಳೆದುಕೊಂಡು ಹೋದರೆ ಹೆಸರಿಗೂ ಬೆಲೆಗೂ ನಡುವೆ ಅಂತರ ಹೆಚ್ಚಾಗಿದೆ ಎಂದರ್ಥ. ಹೀಗಾದಾಗಲೇ ಗಿರಾಕಿ ಮೇಲಿನ ಸಾಲಿನ ಬೆಲೆ ಓದಿಕೊಂಡು, ಬಿಲ್ ಬಂದಾಗ ತಕರಾರು ತೆಗೆಯುವುದು. ಹೆಸರು ಮುಗಿದ ಕೂಡಲೇ, ಅದೇ ಅಕ್ಷರದ ಗಾತ್ರದಲ್ಲಿ ‘ಈರುಳ್ಳಿ ದೋಸೆ 80’ ಎಂದು ಹಾಕಿಸಿ. ದರ್ಶಿನಿಯ ಗೋಡೆ ಬೋರ್ಡಿನ ಮಾತು ಬೇರೆ. ಕ್ಯೂನಲ್ಲಿ ನಿಂತು ಲೆಕ್ಕ ಹಾಕುವವರಿಗೆ ಬೆಲೆ ಒಂದೇ ನೇರಕ್ಕೆ ಇದ್ದರೇ ಅನುಕೂಲ.

ಆಮೇಲೆ ಉಪ್ಪಿಟ್ಟು ಹುಡುಕಲು ಹೇಳಿ. ಎರಡು ವಿಭಾಗ ತಡಕಾಡಿದರೆ ಶೀರ್ಷಿಕೆ ಬದಲಿಸಿ. ಹನ್ನೆರಡು ಬಗೆ ದೋಸೆಯಿದ್ದರೆ ‘ತಿಂಡಿ’ಯೊಳಗೆ ತುರುಕದೆ ಪ್ರತ್ಯೇಕಿಸಿ, ಸಿಗುವ ಹೊತ್ತನ್ನೂ ಶೀರ್ಷಿಕೆಯ ಪಕ್ಕದಲ್ಲೇ ಬರೆಸಿ.