ಅದೇ ಬ್ರ್ಯಾಂಡ್, ಅದೇ ನೀರು, ಆದರೂ ಅನ್ನ ಮುದ್ದೆ ಯಾಕೆ?

ಪ್ರಶ್ನೆ: ಯಾವಾಗಲೂ ತರುವ ಬ್ರ್ಯಾಂಡಿನ ಸೋನಾ ಮಸೂರಿಯೇ ತಂದಿದ್ದೇವೆ. ಒಂದು ಲೋಟಕ್ಕೆ ಎರಡೂವರೆ ಲೋಟ ನೀರು, ಅದೂ ಹಿಂದಿನಷ್ಟೇ. ಆದರೆ ಈ ಸಲದ ಮೂಟೆಯ ಅನ್ನ ಮುದ್ದೆ ಆಗ್ತಿದೆ. ಬ್ರ್ಯಾಂಡ್ ಬದಲಿಸಬೇಕಾ? ಇನ್ನೂ ಉದ್ದ, ಬೆಳ್ಳಗೆ ಹೊಳೆಯುವ ಅಕ್ಕಿ ತಂದರೆ ಸರಿಹೋಗುತ್ತಾ?

ಉತ್ತರ: ನಿಮಗೆ ಈ ಸಲ ಹೊಸ ಅಕ್ಕಿ ಬಂದಿರುವ ಸಾಧ್ಯತೆಯೇ ಜಾಸ್ತಿ. ಬ್ರ್ಯಾಂಡ್ ಒಂದೇ ಆದರೂ ಒಳಗಿನ ಅಕ್ಕಿ ಯಾವ ಕೊಯ್ಲಿನದು ಅನ್ನೋದು ಮೂಟೆಯಿಂದ ಮೂಟೆಗೆ ಬದಲಾಗಬಹುದು. ಚೀಲದ ಮೇಲಿರುವುದು ಪ್ಯಾಕ್ ಮಾಡಿದ ತಾರೀಕು, ಅದರಿಂದ ಅಕ್ಕಿಯ ವಯಸ್ಸು ತಿಳಿಯುವುದಿಲ್ಲ.

ಕೊಯ್ಲಾದ ಮೇಲೆ ಇಟ್ಟಷ್ಟೂ ಕಾಳಿನ ಒಳಗೆ ಪ್ರೋಟೀನ್ ಬಿಗಿಯಾಗುತ್ತಾ ಹೋಗುತ್ತದೆ. ಹಾಗಾಗಿ ಹಳೆ ಅಕ್ಕಿ ಬೇಯುವಾಗ ನೀರು ಚೆನ್ನಾಗಿ ಕುಡಿದು ಅರಳುತ್ತದೆ, ಆದರೆ ಒಡೆದು ಗಂಜಿ ಬಿಡುವುದು ಕಡಿಮೆ. ಹೊಸದು ಇದಕ್ಕೆ ಉಲ್ಟಾ. ಈ ಬದಲಾವಣೆಯ ದೊಡ್ಡ ಪಾಲು ಮೊದಲ ಮೂರು ನಾಲ್ಕು ತಿಂಗಳಲ್ಲೇ ಆಗಿಬಿಡುತ್ತದೆ, ಆಮೇಲೆ ನಿಧಾನ.

ಕೊಳ್ಳುವಾಗ ನಾಲ್ಕು ಕಾಳು ಕಚ್ಚಿ ನೋಡಿ. ಹಳೆಯದು ಟಕ್ಕಂತ ತುಂಡಾಗುತ್ತದೆ, ಹೊಸದು ಸ್ವಲ್ಪ ಮೆತ್ತಗಿದ್ದು ಹಲ್ಲಿಗೆ ಅಂಟುತ್ತದೆ. ಬಣ್ಣ ಮಾತ್ರ ನಂಬಬೇಡಿ. ಹಳೆ ಅಕ್ಕಿ ತುಸು ಹಳದಿಗೆ ತಿರುಗುತ್ತದೆ ನಿಜ, ಆದರೆ ಹೊಸ ಭತ್ತವನ್ನು ಹಬೆಯಲ್ಲಿ ಹಾಯಿಸಿ ಮಾಡಿದ ಸ್ಟೀಮ್ ಅಕ್ಕಿಗೂ ಅದೇ ಬಣ್ಣ ಇರುತ್ತದೆ. ಸ್ಟೀಮ್ ಅಕ್ಕಿ ಕೆಟ್ಟದ್ದೇನಲ್ಲ, ಹೊಸದಾದರೂ ಉದುರುದುರಾಗಿಯೇ ಆಗುತ್ತದೆ, ಆದರೆ ಅದನ್ನು ಹಳೆ ಅಕ್ಕಿ ಅಂತ ಹೆಚ್ಚು ದುಡ್ಡು ಕೊಟ್ಟು ತರಬಾರದು ಅಲ್ವಾ? ಚೀಲದ ಮೇಲೆ ‘ರಾ’ ಅಂತಿದೆಯೋ ‘ಸ್ಟೀಮ್’ ಅಂತಿದೆಯೋ ಓದಿ.

ಉದ್ದದಿಂದ ನಿಮ್ಮ ತೊಂದರೆ ತೀರುವುದಿಲ್ಲ. ಸೋನಾ ಮಸೂರಿ ಮಧ್ಯಮ ಉದ್ದದ ಸಣ್ಣ ಕಾಳು, ದಿನದ ಸಾರು-ಮೊಸರಿಗೆ ಅದೇ ಚೆನ್ನ. ಉದ್ದಕ್ಕಿಂತ ಕಾಳು ಒಂದೇ ಅಳತೆಯದಾ ನೋಡಿ. ಒಂದು ಹಿಡಿ ತಟ್ಟೆಗೆ ಹರಡಿ: ನುಚ್ಚು ಜಾಸ್ತಿ ಇದ್ದರೆ ಅದು ಮೊದಲು ಬೆಂದು ಕರಗಿ ಉಳಿದ ಕಾಳುಗಳನ್ನೂ ಅಂಟಿಸುತ್ತದೆ. ಹಳೆ ಅಕ್ಕಿಯಲ್ಲೂ ಮುದ್ದೆ ಆಗುವುದು ಬಹಳ ಸಲ ಹೀಗೇ.

ಹೊಳಪು ಬರುವುದು ಪಾಲಿಶ್‌ನಿಂದ. ತೌಡು ಪೂರ್ತಿ ಉಜ್ಜಿಹಾಕಿದಾಗ ಬಿ1 ಜೀವಸತ್ವದ ಬಹುಪಾಲು ಅದರ ಜೊತೆ ಹೋಗುತ್ತದೆ, ರುಚಿ ಏನೂ ಹೆಚ್ಚುವುದಿಲ್ಲ. ಕಾಳಿನ ಗೀರಿನಲ್ಲಿ ಅಲ್ಲಲ್ಲಿ ತೆಳು ಕಂದು ಎಳೆ ಉಳಿದಿರುವ ಕಡಿಮೆ ಪಾಲಿಶ್ ಅಕ್ಕಿಯನ್ನೇ ನಾನು ಹೇಳುತ್ತೇನೆ. ಆದರೆ ತೌಡಿನಲ್ಲಿ ಎಣ್ಣೆ ಇರುವುದರಿಂದ ಅದು ಬೇಗ ಮುಗ್ಗುತ್ತದೆ, ಹುಳುವೂ ಬೇಗ. ಒಂದು ತಿಂಗಳಿಗಾಗುವಷ್ಟೇ ತನ್ನಿ.

ಈಗಿರುವ ಮೂಟೆಗೆ ನೀರನ್ನು ಎರಡು ಲೋಟಕ್ಕೆ ಇಳಿಸಿ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ, ನೆನೆಸಬೇಡಿ. ಆದರೂ ಅಂಟಿದರೆ ಕುಕ್ಕರ್ ಬಿಟ್ಟು, ಜಾಸ್ತಿ ಎಸರಿಟ್ಟು ಬೇಯಿಸಿ ಗಂಜಿ ಬಸಿಯಿರಿ. ಮೂಟೆಯಲ್ಲಿ ಅರ್ಧದಷ್ಟನ್ನು ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿಟ್ಟು ಮೂರು ತಿಂಗಳು ಬಿಟ್ಟರೆ ಅದೇ ಅಕ್ಕಿ ಬೇರೆ ಥರ ಬೇಯುತ್ತದೆ, ಆಗ ನೀರು ಮತ್ತೆ ಏರಿಸಬೇಕಾಗುತ್ತದೆ.